ತಾಯಿಯಾದರೆ ಸಂಬಳ ಕುಸಿಯುತ್ತದೆಯೇ? ಒಂದೇ ದೇಶದಿಂದ ಬಂದ ಎರಡು ವಿರುದ್ಧ ಉತ್ತರಗಳು

2019ರಲ್ಲಿ ಡೆನ್ಮಾರ್ಕಿನ ಅಂಕಿಅಂಶ ಇಟ್ಟುಕೊಂಡು ಬಂದ ಅಧ್ಯಯನವೊಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಮೊದಲ ಮಗು ಹುಟ್ಟಿದ ಮೇಲೆ ಹೆಂಗಸರ ಗಳಿಕೆ ಗಂಡಸರ ಗಳಿಕೆಗಿಂತ ಸುಮಾರು ಶೇ 20ರಷ್ಟು ಹಿಂದೆ ಬೀಳುತ್ತದೆ, ಹತ್ತು ವರ್ಷ ಕಳೆದರೂ ಆ ಅಂತರ ಮುಚ್ಚುವುದಿಲ್ಲ ಎಂದು ಅದು ಹೇಳಿತ್ತು. ಐದು ವರ್ಷಗಳ ನಂತರ, 2024ರಲ್ಲಿ, ಅದೇ ಡೆನ್ಮಾರ್ಕಿನ ಅಂಕಿಅಂಶದಿಂದ ಇನ್ನೊಂದು ಅಧ್ಯಯನ ಬಂತು. ಮೊದಲ ವರ್ಷಗಳಲ್ಲಿ ನಷ್ಟವಾಗುವುದು ನಿಜ, ಆದರೆ ದೀರ್ಘಾವಧಿಯಲ್ಲಿ ಅದು ಕರಗಿಹೋಗುತ್ತದೆ, ಕೊನೆಕೊನೆಗೆ ತಾಯಂದಿರೇ ಸ್ವಲ್ಪ ಮುಂದಿರುತ್ತಾರೆ ಎಂಬುದು ಅದರ ತೀರ್ಮಾನ.

ಎರಡೂ ಹೆಸರಾಂತ ಅರ್ಥಶಾಸ್ತ್ರಜ್ಞರ ಕೆಲಸ, ಎರಡೂ ಸರ್ಕಾರಿ ದಾಖಲೆಗಳನ್ನು ಆಧರಿಸಿದವು. ಹಾಗಾಗಿ ಓದುಗರು ಗೊಂದಲಕ್ಕೆ ಬಿದ್ದದ್ದು ಸಹಜ. ‘ತಾಯ್ತನದ ದಂಡ’ ಎಂಬುದು ಇದೆಯೋ, ಇಲ್ಲವೋ? ಎರಡನೆಯ ಅಧ್ಯಯನ ಬಂದ ಮೇಲೆ ‘ಇದೆಲ್ಲ ಉತ್ಪ್ರೇಕ್ಷೆ, ಕಾದರೆ ಎಲ್ಲ ಸರಿಹೋಗುತ್ತದೆ’ ಎಂಬ ವಾದಕ್ಕೆ ಬಲ ಬಂದಿದೆ. ಈ ವಾದವನ್ನು ಒಪ್ಪುವ ಮುನ್ನ ಎರಡೂ ಅಧ್ಯಯನಗಳು ಏನನ್ನು ಯಾವುದರ ಜೊತೆ ಹೋಲಿಸಿ ಅಳೆದವು ಎಂದು ನೋಡಬೇಕು. ಗೊಂದಲದ ಬಹುಪಾಲು ಇರುವುದು ಅಲ್ಲೇ.

ಮೊದಲ ಅಳತೆ: ಅಪ್ಪನ ಪಕ್ಕದಲ್ಲಿ ಅಮ್ಮ

2019ರ ಅಧ್ಯಯನ ಹೆನ್ರಿಕ್ ಕ್ಲೆವೆನ್, ಕಮಿಲ್ ಲಾಂಡೈ ಮತ್ತು ಯಾಕೋಬ್ ಸೊಗಾರ್ಡ್ ಅವರದು. ಅವರ ವಿಧಾನ ಸರಳ. ಮಗು ಹುಟ್ಟುವ ಹಿಂದಿನ ವರ್ಷವನ್ನು ಆರಂಭಬಿಂದುವಾಗಿ ಇಟ್ಟುಕೊಂಡು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೆಂಗಸರ ಗಳಿಕೆಯ ಗೆರೆ ಎಳೆದರು. ಗಂಡಸರಿಗೂ ಅದೇ ಗೆರೆ. ವಯಸ್ಸಾದಂತೆ ಎಲ್ಲರ ಸಂಬಳವೂ ಏರುತ್ತದೆ, ಆರ್ಥಿಕತೆಯೂ ಏಳುತ್ತ ಬೀಳುತ್ತ ಇರುತ್ತದೆ. ಆ ಪರಿಣಾಮಗಳನ್ನು ಲೆಕ್ಕದಿಂದ ತೆಗೆದುಹಾಕಿದರು.

ಮಗುವಿಗೆ ಮೊದಲು ಎರಡೂ ಗೆರೆಗಳು ಒಂದರ ಪಕ್ಕ ಒಂದು ಹೆಚ್ಚು ಕಡಿಮೆ ಜೊತೆಯಲ್ಲೇ ಸಾಗುತ್ತವೆ. ಮಗು ಹುಟ್ಟಿದ ವರ್ಷ ಹೆಂಗಸರ ಗೆರೆ ದಿಢೀರನೆ ಕೆಳಕ್ಕೆ ಬೀಳುತ್ತದೆ, ಗಂಡಸರ ಗೆರೆಗೆ ಏನೂ ಆಗುವುದಿಲ್ಲ. ಬಿದ್ದ ಗೆರೆ ಸ್ವಲ್ಪ ಮೇಲೆದ್ದರೂ ಗಂಡಸರದ್ದನ್ನು ಮುಟ್ಟುವುದಿಲ್ಲ. ಉಳಿದುಹೋಗುವ ಅಂತರ ಸುಮಾರು ಐದನೇ ಒಂದು ಪಾಲು. ಅದು ಮೂರು ಕಡೆಯಿಂದ ಬರುತ್ತದೆ: ಕೆಲವರು ಕೆಲಸವನ್ನೇ ಬಿಡುತ್ತಾರೆ, ಕೆಲವರು ಕೆಲಸದ ಗಂಟೆ ಕಡಿಮೆ ಮಾಡಿಕೊಳ್ಳುತ್ತಾರೆ, ಇನ್ನು ಕೆಲವರು ಗಂಟೆಗೆ ಕಡಿಮೆ ಸಂಬಳ ಕೊಡುವ ಕೆಲಸಕ್ಕೆ ಹೋಗುತ್ತಾರೆ. ಮೂರರ ಪಾಲೂ ಹೆಚ್ಚು ಕಡಿಮೆ ಸಮ.

ಇದೇ ವಿಧಾನದಲ್ಲಿ ಬೇರೆ ದೇಶಗಳನ್ನು ಅಳೆದಾಗ ಡೆನ್ಮಾರ್ಕಿನದೇ ಚಿಕ್ಕ ಸಂಖ್ಯೆ ಎಂದು ಗೊತ್ತಾಯಿತು. ಆಸ್ಟ್ರಿಯಾದಲ್ಲಿ ದೀರ್ಘಾವಧಿಯ ಅಂತರ ಸುಮಾರು ಶೇ 50, ಜರ್ಮನಿಯಲ್ಲಿ ಶೇ 60ರ ಆಸುಪಾಸು.

ಎರಡನೆಯ ಅಳತೆ: ಮಕ್ಕಳಿಲ್ಲದ ಹೆಂಗಸಿನ ಪಕ್ಕದಲ್ಲಿ ಅಮ್ಮ

ಮೊದಲ ವಿಧಾನಕ್ಕೆ ಒಂದು ದೌರ್ಬಲ್ಯವಿದೆ. ಮಗು ಯಾವಾಗ ಬೇಕು ಎಂಬುದನ್ನು ಜನ ಯೋಚಿಸಿ ನಿರ್ಧರಿಸುತ್ತಾರೆ. ಓದು ಮುಗಿದು, ಕೆಲಸ ಸಿಕ್ಕು, ಸಂಬಳ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆ ಮಗು ಮಾಡಿಕೊಳ್ಳೋಣ ಎಂದುಕೊಂಡವಳ ಸಂಬಳದ ಏರಿಕೆ ಮಗು ಹುಟ್ಟದಿದ್ದರೂ ನಿಧಾನವಾಗುತ್ತಿತ್ತೋ ಏನೋ. ಆಗ ಆ ನಿಧಾನಗತಿಯನ್ನೂ ಮಗುವಿನ ಲೆಕ್ಕಕ್ಕೆ ಬರೆದಂತಾಗುತ್ತದೆ.

ಇದನ್ನು ಬಗೆಹರಿಸಲು ಪೀಟರ್ ಲುಂಡ್‌ಬೊರ್ಗ್, ಎರಿಕ್ ಪ್ಲೂಗ್ ಮತ್ತು ಆಸ್ಟ್ರಿಡ್ ರಾಸ್ಮುಸೆನ್ ಐವಿಎಫ್ ಚಿಕಿತ್ಸೆ ಪಡೆದ ಹೆಂಗಸರನ್ನು ಆರಿಸಿಕೊಂಡರು. ಮೊದಲ ಚಿಕಿತ್ಸೆಗೆ ಬಂದ ಎಲ್ಲರಿಗೂ ಮಗು ಬೇಕಾಗಿದೆ, ಎಲ್ಲರೂ ತಮ್ಮ ಬದುಕಿನ ಅದೇ ಹಂತದಲ್ಲಿದ್ದಾರೆ. ಕೆಲವರಿಗೆ ಚಿಕಿತ್ಸೆ ಫಲಿಸುತ್ತದೆ, ಕೆಲವರಿಗೆ ಇಲ್ಲ. ಯಾರಿಗೆ ಫಲಿಸಿತು ಎಂಬುದು ಬಹುಮಟ್ಟಿಗೆ ಅದೃಷ್ಟ. ಹಾಗಾಗಿ ಈ ಎರಡು ಗುಂಪುಗಳ ಗಳಿಕೆಯಲ್ಲಿ ಮುಂದೆ ಕಾಣುವ ವ್ಯತ್ಯಾಸವನ್ನು ಮಗುವಿನಿಂದಾದದ್ದು ಎಂದು ಹೆಚ್ಚು ಧೈರ್ಯದಿಂದ ಹೇಳಬಹುದು.

ಕುತೂಹಲದ ಸಂಗತಿಯೆಂದರೆ, ಇದೇ ಲೇಖಕರು ಇದೇ ಉಪಾಯದಿಂದ 2017ರಲ್ಲಿ ಪ್ರಕಟಿಸಿದ್ದ ಪ್ರಬಂಧದ ತೀರ್ಮಾನ ಬೇರೆಯಾಗಿತ್ತು. ನಷ್ಟ ದೊಡ್ಡದು, ದೀರ್ಘಕಾಲ ಉಳಿಯುತ್ತದೆ ಎಂದಿದ್ದರು. ಮಕ್ಕಳು ಚಿಕ್ಕವರಿದ್ದಾಗ ತಾಯಂದಿರು ಕೆಲಸದ ಗಂಟೆ ಇಳಿಸುತ್ತಾರೆ, ಆಮೇಲೆ ಮನೆಗೆ ಹತ್ತಿರವಿರುವ, ಸಂಬಳ ಕಡಿಮೆಯಿರುವ ಕೆಲಸಗಳಿಗೆ ಸರಿಯುತ್ತಾರೆ ಎಂದು ಅದರ ಕಾರಣವನ್ನೂ ತೋರಿಸಿದ್ದರು. 2024ರ ಹೊತ್ತಿಗೆ ಅದೇ ಬಗೆಯ ಹೆಂಗಸರನ್ನು ಇಪ್ಪತ್ತು ವರ್ಷಕ್ಕೂ ಮೀರಿ ಹಿಂಬಾಲಿಸುವಷ್ಟು ದಾಖಲೆ ಸೇರಿತ್ತು. ಮಕ್ಕಳು ದೊಡ್ಡವರಾದ ಮೇಲೆ ತಾಯಂದಿರ ಗಳಿಕೆ ಮಕ್ಕಳಿಲ್ಲದವರನ್ನು ಹಿಡಿದು, ಸ್ವಲ್ಪ ದಾಟುವುದೂ ಕಾಣಿಸಿತು. ಅಂದರೆ ಹೊಸ ಅಧ್ಯಯನ ಹಳೆಯದನ್ನು ಸುಳ್ಳು ಮಾಡಿಲ್ಲ. ಹಳೆಯ ಚಿತ್ರ ಎಲ್ಲಿ ಮುಗಿದಿತ್ತೋ ಅಲ್ಲಿಂದ ಮುಂದಿನದನ್ನು ತೋರಿಸಿದೆ.

ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಮೊದಲ ಅಧ್ಯಯನ ತಾಯಿಯನ್ನು ತಂದೆಯ ಜೊತೆ ಹೋಲಿಸುತ್ತದೆ. ಎರಡನೆಯದು ತಾಯಿಯನ್ನು ಮಕ್ಕಳಿಲ್ಲದ ಹೆಂಗಸಿನ ಜೊತೆ ಹೋಲಿಸುತ್ತದೆ. ಪತ್ರಿಕೆಯ ತಲೆಬರಹದಲ್ಲಿ ಈ ವ್ಯತ್ಯಾಸ ಉಳಿಯುವುದಿಲ್ಲ.

ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಸಂದರ್ಶನಕ್ಕೆ ಬಂದಿದ್ದಾಳೆ ಎಂದುಕೊಳ್ಳಿ. ಅವಳಿಗೆ ಮಕ್ಕಳಿಲ್ಲ. ಆದರೆ ಎದುರು ಕೂತ ಮ್ಯಾನೇಜರ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ: ಮದುವೆಯಾಗಿದೆ, ಇನ್ನೊಂದೆರಡು ವರ್ಷದಲ್ಲಿ ಹೆರಿಗೆ ರಜೆ ಕೇಳಬಹುದು, ಈ ದೊಡ್ಡ ಪ್ರಾಜೆಕ್ಟನ್ನು ಬೇರೆಯವರಿಗೆ ಕೊಡೋಣ. ಇಲ್ಲಿ ಮಗು ಹುಟ್ಟೇ ಇಲ್ಲ, ದಂಡ ಮಾತ್ರ ಆಗಲೇ ಬಿದ್ದಿದೆ. ಮುಂದೆ ಮಗು ಬರುತ್ತದೆಂದು ಊಹಿಸಿ, ಓಡಾಟ ಹೆಚ್ಚಿರುವ ಹುದ್ದೆಯನ್ನು ತಾನೇ ಬಿಟ್ಟುಕೊಡುವವಳ ಕತೆಯೂ ಇದೇ. ಹೀಗೆ ತಾಯಿಯಾಗುವ ಸಾಧ್ಯತೆಗೇ ದಂಡ ಬೀಳುವ ಕಡೆ ತಾಯಿಯೂ ಮಕ್ಕಳಿಲ್ಲದವಳೂ ಒಂದೇ ಮಟ್ಟದಲ್ಲಿ ಹಿಂದೆ ಬಿದ್ದಿರುತ್ತಾರೆ. ಅವರಿಬ್ಬರನ್ನು ಹೋಲಿಸಿದರೆ ಅಂತರ ಸೊನ್ನೆ ಬರಬಹುದು. ಗಂಡಸಿನ ಪಕ್ಕದಲ್ಲಿ ನಿಲ್ಲಿಸಿದರೆ ಅಂತರ ಹಾಗೇ ಇರುತ್ತದೆ.

ಎರಡನೆಯ ಅಧ್ಯಯನಕ್ಕೆ ಬೇರೆ ಮಿತಿಗಳೂ ಇವೆ. ಐವಿಎಫ್‌ಗೆ ಬರುವವರು ಸಾಮಾನ್ಯವಾಗಿ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು, ಕೆಲಸದಲ್ಲಿ ಕಾಲೂರಿದವರು. ಇಪ್ಪತ್ತೆರಡಕ್ಕೇ ತಾಯಿಯಾಗಿ, ಮೊದಲ ಕೆಲಸವನ್ನೂ ಕಾಣದವಳಿಗೆ ಈ ಫಲಿತಾಂಶ ಅನ್ವಯಿಸುತ್ತದೆ ಎನ್ನಲಾಗದು. ಚಿಕಿತ್ಸೆ ವಿಫಲವಾದವರೂ ನೋವಿನಿಂದ ಕುಗ್ಗಿರುತ್ತಾರೆ, ಅದೂ ಅವರ ದುಡಿಮೆಗೆ ತಟ್ಟಬಹುದು. ಹಾಗಾದರೆ ಹೋಲಿಕೆಗೆ ಇಟ್ಟುಕೊಂಡ ಗುಂಪೇ ಕೆಳಗಿಳಿದಿರುತ್ತದೆ, ತಾಯಂದಿರು ಬೇಗ ಹಿಡಿದಂತೆ ಕಾಣುತ್ತಾರೆ. ಇನ್ನು ಡೆನ್ಮಾರ್ಕ್ ಎಂದರೆ ಸರ್ಕಾರದ ನೆರವಿನ ಶಿಶುಪಾಲನಾ ಕೇಂದ್ರಗಳು ಎಲ್ಲ ಕಡೆ ಇರುವ ದೇಶ. ಅಲ್ಲಿ ತಾಯಿಗೆ ಮರಳಿ ಬರಲು ದಾರಿಯಿದೆ. ಆ ದಾರಿಯಿಲ್ಲದ ಕಡೆಗೆ ಅಲ್ಲಿನ ಸಂಖ್ಯೆಯನ್ನು ಒಯ್ದು ‘ಕಾದರೆ ಸರಿಹೋಗುತ್ತದೆ’ ಎನ್ನುವುದು ನನ್ನ ಮಟ್ಟಿಗೆ ಅಂಕಿಅಂಶದ ದುರ್ಬಳಕೆ.

ವಿರಾಮದ ನಿಜವಾದ ಬೆಲೆ ವಿರಾಮದಲ್ಲಿಲ್ಲ

ಕೆಲಸಕ್ಕೆ ಮೂರು ವರ್ಷ ವಿರಾಮ ಕೊಟ್ಟರೆ ಎಷ್ಟು ನಷ್ಟ? ಮೂರು ವರ್ಷದ ಸಂಬಳ ಎಂಬುದು ಬಹುಜನರ ಉತ್ತರ. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ.

ಇಬ್ಬರು ಸಹೋದ್ಯೋಗಿಗಳು. ಇಬ್ಬರ ವಾರ್ಷಿಕ ಸಂಬಳವೂ 100 ಎಂದಿಟ್ಟುಕೊಳ್ಳಿ, ವರ್ಷಕ್ಕೆ ಶೇ 7ರಂತೆ ಇಂಕ್ರಿಮೆಂಟ್. ಒಬ್ಬರು ನಿಲ್ಲದೆ ಕೆಲಸ ಮಾಡುತ್ತಾರೆ. ಇನ್ನೊಬ್ಬಳು ಮಗುವಿಗಾಗಿ ಮೊದಲ ಮೂರು ವರ್ಷ ಬಿಡುತ್ತಾಳೆ. ಆ ಮೂರು ವರ್ಷದಲ್ಲಿ ಅವಳ ಕೈತಪ್ಪುವುದು 100, 107, 114.5, ಒಟ್ಟು ಸುಮಾರು 321.

ನಾಲ್ಕನೆಯ ವರ್ಷ ಮರಳಿ ಬರುತ್ತಾಳೆ. ಎಚ್‌ಆರ್ ವಿಭಾಗ ‘ನಿಮ್ಮ ಹಿಂದಿನ ಸಂಬಳ ಎಷ್ಟು’ ಎಂದು ಕೇಳಿ, ಅದನ್ನೇ ಆಧಾರವಾಗಿಟ್ಟುಕೊಂಡು 100ಕ್ಕೆ ತೆಗೆದುಕೊಳ್ಳುತ್ತದೆ. ಅವಳಿಗೆ ಇದು ಅನ್ಯಾಯ ಎಂದೂ ಅನ್ನಿಸುವುದಿಲ್ಲ, ಬಿಟ್ಟ ಸಂಬಳವೇ ಸಿಕ್ಕಿತಲ್ಲ ಎಂಬ ಸಮಾಧಾನ. ಆದರೆ ಸಹೋದ್ಯೋಗಿಯ ಸಂಬಳ ಅಷ್ಟರಲ್ಲಿ 122.5 ಆಗಿರುತ್ತದೆ. ಅಲ್ಲಿಂದ ಮುಂದೆ ಇಬ್ಬರಿಗೂ ಅದೇ ಶೇ 7 ಏರಿಕೆ, ಯಾವ ತಾರತಮ್ಯವೂ ಇಲ್ಲ ಎಂದೇ ಇಟ್ಟುಕೊಳ್ಳಿ. ಆದರೂ ಇಪ್ಪತ್ತನೆಯ ವರ್ಷದ ತನಕದ ಹದಿನೇಳು ವರ್ಷಗಳ ವ್ಯತ್ಯಾಸ ಕೂಡಿದರೆ ಸುಮಾರು 694 ಆಗುತ್ತದೆ. ವಿರಾಮದಲ್ಲಿ ಕಳೆದುಕೊಂಡದ್ದರ ಎರಡು ಪಟ್ಟಿಗೂ ಹೆಚ್ಚು. ಸಾಲದ ಚಕ್ರಬಡ್ಡಿ ಬೆಳೆಯುವ ಹಾಗೆ ಇದು ಬೆಳೆಯುತ್ತದೆ, ಆದರೆ ಯಾವ ಸಂಬಳದ ಚೀಟಿಯಲ್ಲೂ ಇದರ ಸಾಲೊಂದು ಕಾಣಿಸುವುದಿಲ್ಲ.

‘ಮೂರು ವರ್ಷ ಗ್ಯಾಪ್ ಇದೆ’ ಎಂದು 90ಕ್ಕೆ ತೆಗೆದುಕೊಂಡರೆ? ಮರಳಿದ ನಂತರದ ನಷ್ಟ ಸಾವಿರ ದಾಟುತ್ತದೆ, ಅಂದರೆ ವಿರಾಮದ ನಷ್ಟದ ಮೂರು ಪಟ್ಟು. ಪಿಂಚಣಿ, ಭವಿಷ್ಯನಿಧಿಗಳು ಸಂಬಳದ ಶೇಕಡಾವಾರು ಲೆಕ್ಕದಲ್ಲಿ ನಡೆಯುವುದರಿಂದ ಅವೂ ಇದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಮುದುಕಿಯಾದಾಗಲೂ ಲೆಕ್ಕ ಮುಗಿದಿರುವುದಿಲ್ಲ.

ಈ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಬರುತ್ತದೆ. ಮರಳಿ ಬಂದವಳು ಉಳಿದವರನ್ನು ಹಿಡಿಯಬೇಕಾದರೆ ಅವಳ ಸಂಬಳ ಉಳಿದವರಿಗಿಂತ ವೇಗವಾಗಿ ಏರಬೇಕು, ಅವರಷ್ಟೇ ವೇಗ ಸಾಲದು. ಕೆಲಸ ಬಲ್ಲವಳು ಎಂದು ಗೊತ್ತಾದ ಮೇಲೆ ಸಂಬಳ ತಿದ್ದುವ, ತಡವಾಗಿಯಾದರೂ ಬಡ್ತಿ ಕೊಡುವ ಸಂಸ್ಥೆಯಲ್ಲಿ ಅದು ಸಾಧ್ಯ. ಮೂವತ್ತೈದರೊಳಗೆ ಮ್ಯಾನೇಜರ್ ಆಗದವರು ಮುಂದೆ ಆಗುವುದೇ ಇಲ್ಲ ಎಂಬಂತಹ ಏಣಿ ಇರುವ ಕಡೆ ಸಾಧ್ಯವಿಲ್ಲ.

ಇದಕ್ಕೆ ಮದ್ದು ಹುಡುಕುವ ಪ್ರಯತ್ನವೂ ನಡೆದಿದೆ. ಹಿಂದಿನ ಸಂಬಳ ಕೇಳುವುದನ್ನೇ ನಿಷೇಧಿಸುವ ಕಾನೂನನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಮಾಡಿತು. ಐರೋಪ್ಯ ಒಕ್ಕೂಟದ 2023ರ ವೇತನ ಪಾರದರ್ಶಕತೆಯ ನಿರ್ದೇಶನದಲ್ಲೂ ಅದೇ ನಿಷೇಧವಿದೆ. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ಸೇರಿಸಲು ಕೊಟ್ಟ ಗಡುವು 2026ರ ಜೂನ್ 7. ಸಂಬಳ ಹುದ್ದೆಗೆ ತಕ್ಕಂತೆ ನಿಗದಿಯಾದರೆ ಮೇಲಿನ ಲೆಕ್ಕದ ನಾಲ್ಕನೆಯ ವರ್ಷದಲ್ಲೇ ಅಂತರದ ಒಂದು ಭಾಗ ಕತ್ತರಿಸಿಹೋಗುತ್ತದೆ. ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಯಾವ ಹುದ್ದೆಗೆ ತೆಗೆದುಕೊಳ್ಳಬೇಕು ಎಂಬ ತೀರ್ಮಾನ ಮತ್ತೆ ಅದೇ ಮ್ಯಾನೇಜರ್ ಕೈಯಲ್ಲಿದೆ.

ಒಂದೇ ರೆಸ್ಯೂಮೆ, ಒಂದು ಸಾಲು ಹೆಚ್ಚು

ಆ ತೀರ್ಮಾನ ಹೇಗೆ ಆಗುತ್ತದೆ ಎಂದು ಪರೀಕ್ಷಿಸಿದ್ದು ಸಮಾಜಶಾಸ್ತ್ರಜ್ಞೆ ಶೆಲ್ಲಿ ಕೊರೆಲ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು. ಅಮೆರಿಕದಲ್ಲಿ ನಡೆದ ಈ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಅರ್ಹತೆ, ಅನುಭವ ಎಲ್ಲದರಲ್ಲೂ ಸಮವಾದ ಎರಡು ಕಾಲ್ಪನಿಕ ಅರ್ಜಿಗಳನ್ನು ತಯಾರಿಸಿ, ಒಂದರಲ್ಲಿ ಮಾತ್ರ ಅರ್ಜಿದಾರಳು ಶಾಲೆಯ ಪಾಲಕರ ಸಂಘದಲ್ಲಿ ಜವಾಬ್ದಾರಿ ಹೊತ್ತಿದ್ದಾಳೆ ಎಂಬ ಸಾಲನ್ನು ಸೇರಿಸಿದರು. ಅಂದರೆ ಮಕ್ಕಳಿದ್ದಾರೆ ಎಂದು ಗೊತ್ತಾಗಬೇಕು, ಅಷ್ಟೇ.

ಆ ಒಂದು ಸಾಲಿಗೆ ಅವಳ ಸಾಮರ್ಥ್ಯಕ್ಕೂ ಬದ್ಧತೆಗೂ ಕಡಿಮೆ ಅಂಕ ಬಿತ್ತು. ಕೊಡಬಹುದಾದ ಆರಂಭದ ಸಂಬಳ ಶೇ 7ರಷ್ಟು ಇಳಿಯಿತು. ತಡವಾಗಿ ಬಂದರೆ ಎಷ್ಟು ದಿನ ಸಹಿಸಬಹುದು ಎಂಬ ಪ್ರಶ್ನೆಗೂ ತಾಯಂದಿರಿಗೆ ಉಳಿದವರಿಗಿಂತ ಕಡಿಮೆ ದಿನ ಸಿಕ್ಕಿತು. ನಿಜವಾದ ಕಂಪನಿಗಳಿಗೆ ಇಂಥ ಅರ್ಜಿಗಳನ್ನು ಕಳಿಸಿದಾಗ ಮಕ್ಕಳಿಲ್ಲದ ಹೆಂಗಸಿಗೆ ತಾಯಿಗಿಂತ ಎರಡು ಪಟ್ಟಿಗೂ ತುಸು ಹೆಚ್ಚು ಕರೆ ಬಂದವು. ತಂದೆಯೆಂದು ಬರೆದುಕೊಂಡ ಗಂಡಸಿಗೆ ನಷ್ಟವೇನೂ ಆಗಲಿಲ್ಲ, ಬದ್ಧತೆಯ ಅಂಕ ಸ್ವಲ್ಪ ಹೆಚ್ಚೇ ಸಿಕ್ಕಿತು. ಮಕ್ಕಳಿರುವ ಗಂಡಸು ಸಂಸಾರಸ್ಥ, ಜವಾಬ್ದಾರಿಯುಳ್ಳವನು. ಮಕ್ಕಳಿರುವ ಹೆಂಗಸಿಗೆ ಮನಸ್ಸು ಮನೆಯಲ್ಲಿ.

ಇಲ್ಲೊಂದು ವಾದ ಕೇಳಿಬರುತ್ತದೆ: ಉದ್ಯೋಗದಾತರು ಸುಮ್ಮನೆ ಊಹಿಸುತ್ತಿಲ್ಲ, ಸರಾಸರಿಯಲ್ಲಿ ತಾಯಂದಿರು ಹೆಚ್ಚು ರಜೆ ಹಾಕುತ್ತಾರೆ, ಹಾಗಾಗಿ ಅದು ವ್ಯವಹಾರದ ಲೆಕ್ಕ. ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಇದೇ ಪ್ರಯೋಗವನ್ನು ಮುಂದುವರಿಸಿ, ತಾಯಿಯ ಸಾಮರ್ಥ್ಯ ಮತ್ತು ಬದ್ಧತೆಯಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲದಂಥ ಅರ್ಜಿ ಕೊಟ್ಟಾಗ ಇನ್ನೊಂದು ದಂಡ ಎದುರಾಯಿತು. ಈಗ ಅವಳು ಕೆಲಸದಲ್ಲಿ ಗಟ್ಟಿ, ಸರಿ, ಆದರೆ ಒಳ್ಳೆಯ ಸ್ವಭಾವದವಳಲ್ಲ ಎಂದು ಅಂಕ ಕಡಿಮೆಯಾಯಿತು. ಕೆಲಸಕ್ಕೆ ಅಷ್ಟು ಅಂಟಿಕೊಂಡವಳು ಎಂಥ ತಾಯಿ ಎಂಬ ಭಾವನೆ ಅದು. ವ್ಯವಹಾರದ ಲೆಕ್ಕವಷ್ಟೇ ಆಗಿದ್ದರೆ ಈ ಎರಡನೆಯ ದಂಡ ಇರಬಾರದಿತ್ತು.

ಆಯ್ಕೆಯೋ, ಒತ್ತಡವೋ?

ಚರ್ಚೆ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ‘ಹೆಂಗಸರೇ ಇಷ್ಟಪಟ್ಟು ಮನೆಯಲ್ಲಿರುತ್ತಾರೆ, ಹೆತ್ತವಳಿಗೆ ಸಹಜವಾದ ಸೆಳೆತವದು’ ಎಂದು ಒಂದು ಪಕ್ಷ ಹೇಳುತ್ತದೆ. ಇದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಹೆರಿಗೆ, ಎದೆಹಾಲುಗಳೇ ಕಾರಣವಾದರೆ ದತ್ತು ತೆಗೆದುಕೊಂಡ ತಾಯಿಗೆ ನಷ್ಟ ತುಂಬ ಕಡಿಮೆಯಿರಬೇಕು. ಡೆನ್ಮಾರ್ಕಿನ ದಾಖಲೆಗಳಲ್ಲಿ ಹಾಗೆ ಕಾಣಲಿಲ್ಲ. 2021ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹೆತ್ತ ತಾಯಿಗೂ ದತ್ತು ತಾಯಿಗೂ ದೀರ್ಘಾವಧಿಯ ನಷ್ಟ ಹೆಚ್ಚು ಕಡಿಮೆ ಒಂದೇ.

ನಾರ್ವೆಯಲ್ಲಿ ಇನ್ನೊಂದು ಕೋನದಿಂದ ನೋಡಿದರು. ಇಬ್ಬರು ಹೆಂಗಸರೇ ಜೋಡಿಯಾಗಿರುವ ಕುಟುಂಬಗಳಲ್ಲಿ ಹೆತ್ತವಳ ಗಳಿಕೆ ಮೊದಲು ಸಂಗಾತಿಯದಕ್ಕಿಂತ ಹೆಚ್ಚು ಇಳಿಯುತ್ತದೆ. ಆದರೆ ಕೆಲವೇ ವರ್ಷಗಳಲ್ಲಿ ಇಬ್ಬರೂ ಒಂದೇ ಮಟ್ಟಕ್ಕೆ ಬಂದು ಚೇತರಿಸಿಕೊಳ್ಳುತ್ತಾರೆ. ಗಂಡ ಹೆಂಡತಿಯ ಕುಟುಂಬಗಳಲ್ಲಿ ಹೆಂಡತಿಯ ನಷ್ಟ ಹಾಗೇ ಉಳಿಯುತ್ತದೆ. ಹೆರಿಗೆಗೆ ಬೇಕಾದ ದೇಹದ ವಿರಾಮ ಚಿಕ್ಕದು ಎಂದು ಇವೆರಡನ್ನೂ ಜೊತೆಗಿಟ್ಟು ಓದಿದರೆ ಅರ್ಥವಾಗುತ್ತದೆ. ಅದನ್ನು ಹತ್ತು ಹದಿನೈದು ವರ್ಷಕ್ಕೆ ಎಳೆಯುವುದು ಮಗುವಿಗೆ ಜ್ವರ ಬಂದಾಗ ಶಾಲೆಯವರು ಯಾರಿಗೆ ಫೋನ್ ಮಾಡುತ್ತಾರೆ ಎಂಬಂತಹ ಸಂಗತಿ.

ಹಾಗಂತ ಗಂಡ ಹೆಂಡತಿ ಕೂತು ಜಗಳವಾಡಿ ಸೋತವರು ಕೆಲಸ ಬಿಡುತ್ತಾರೆ ಎಂದಲ್ಲ. ಬಹಳ ಸಲ ಅದು ಇಬ್ಬರೂ ಸೇರಿ ಮಾಡಿದ, ಮನೆಯ ಮಟ್ಟಿಗೆ ಸರಿಯಾದ ಲೆಕ್ಕವೇ ಆಗಿರುತ್ತದೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ವಿವರಿಸಿದ್ದು ಇದನ್ನೇ. ಕೆಲವು ಉದ್ಯೋಗಗಳು ದುರಾಸೆಯವು. ರಾತ್ರಿ, ವಾರಾಂತ್ಯ ಯಾವಾಗ ಕರೆದರೂ ಬರುವವರಿಗೆ ಅವು ಗಂಟೆಯ ಲೆಕ್ಕಕ್ಕೆ ಮೀರಿ ಸಂಬಳ ಕೊಡುತ್ತವೆ. ಮಾಮೂಲಿ ಹೊತ್ತಿನ ಕೆಲಸಕ್ಕೆ 100, ಯಾವಾಗಲೂ ಸಿದ್ಧವಿರುವ ಕೆಲಸಕ್ಕೆ 160 ಎಂದುಕೊಳ್ಳಿ. ಇಬ್ಬರೂ 160ರ ಕೆಲಸಕ್ಕೆ ಹೋದರೆ ಮಗುವನ್ನು ನೋಡುವವರಿಲ್ಲ. ಇಬ್ಬರೂ ಸಮಾನವಾಗಿ 100ರ ಕೆಲಸ ಹಿಡಿದರೆ ಮನೆಗೆ 200. ಒಬ್ಬರು 160, ಒಬ್ಬರು 100 ಎಂದಾದರೆ 260. ಸಮಾನತೆ ಬೇಕೆಂದರೆ ಈ ಕುಟುಂಬ 60 ಬಿಟ್ಟುಕೊಡಬೇಕು. ಹೆಚ್ಚಿನವರು ಬಿಡುವುದಿಲ್ಲ. ಬಿಡದಿರುವುದು ತಪ್ಪೆಂದು ಹೇಳುವುದೂ ಕಷ್ಟ.

ಆದರೆ ಆ 160ರ ಕೆಲಸಕ್ಕೆ ಹೋಗುವವರು ಯಾರು ಎಂಬುದನ್ನು ಲೆಕ್ಕ ಹೇಳುವುದಿಲ್ಲ. ಅದನ್ನು ಮೊದಲೇ ಬರೆದಿಟ್ಟಂತೆ ನಿರ್ಧರಿಸುವುದು ಆರೈಕೆ ಹೆಂಗಸಿನ ಕೆಲಸ ಎಂಬ ನಿರೀಕ್ಷೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2023ರಲ್ಲಿ ಆರೈಕೆಯ ಹೊಣೆಯಿಂದಾಗಿ ದುಡಿಮೆಯ ಹೊರಗಿದ್ದ ಹೆಂಗಸರು 70.8 ಕೋಟಿ, ಗಂಡಸರು 4 ಕೋಟಿ. ಪ್ರತಿ ಕುಟುಂಬವೂ ಸ್ವಂತ ಇಷ್ಟದಿಂದ ಆರಿಸಿಕೊಂಡಿದ್ದರೆ ಸಂಖ್ಯೆ ಇಷ್ಟು ಒಂದೇ ಕಡೆಗೆ ವಾಲುತ್ತಿರಲಿಲ್ಲ.

ದುರಾಸೆಯ ಕೆಲಸವನ್ನು ಬದಲಿಸಲು ಬರುತ್ತದೆ ಎಂಬುದಕ್ಕೆ ಗೋಲ್ಡಿನ್ ಕೊಡುವ ಉದಾಹರಣೆ ಅಮೆರಿಕದ ಫಾರ್ಮಸಿಸ್ಟರದು. ಒಂದು ಕಾಲಕ್ಕೆ ಅಲ್ಲಿ ಔಷಧದಂಗಡಿ ಎಂದರೆ ಮಾಲೀಕನೇ ದಿನವಿಡೀ ನಿಲ್ಲಬೇಕಾದ ಜಾಗ. ದೊಡ್ಡ ಸರಣಿ ಮಳಿಗೆಗಳು ಬಂದವು, ರೋಗಿಯ ದಾಖಲೆ ಕಂಪ್ಯೂಟರಿಗೆ ಹೋಯಿತು, ಔಷಧಗಳು ಒಂದೇ ಮಾದರಿಗೆ ಬಂದವು. ಈಗ ಒಬ್ಬ ಫಾರ್ಮಸಿಸ್ಟ್ ಬಿಟ್ಟ ಕೆಲಸವನ್ನು ಇನ್ನೊಬ್ಬರು ಅಲ್ಲಿಂದಲೇ ಮುಂದುವರಿಸಬಹುದು. ಹಾಗಾಗಿ ಅರ್ಧ ಹೊತ್ತು ದುಡಿದವರಿಗೆ ಹೆಚ್ಚು ಕಡಿಮೆ ಅರ್ಧ ಸಂಬಳ ಸಿಗುತ್ತದೆ, ಅರ್ಧಕ್ಕಿಂತ ಬಹಳ ಕಡಿಮೆ ಅಲ್ಲ. ಹೆಂಗಸರು ಗಂಡಸರ ಸಂಬಳದ ಅಂತರ ತುಂಬ ಕಡಿಮೆಯಿರುವ ವೃತ್ತಿಗಳಲ್ಲಿ ಅದೂ ಒಂದಾಯಿತು. ಯಾರೂ ಹೆಂಗಸರಿಗಾಗಿ ಮಾಡಿದ ಸುಧಾರಣೆಯಲ್ಲ ಅದು.

ರಜೆ ಹೆಚ್ಚಿಸಿದರೆ ಸಾಕೇ?

ಸರ್ಕಾರಗಳಿಗೆ ಮೊದಲು ಹೊಳೆಯುವುದು ಹೆರಿಗೆ ರಜೆಯ ವಿಸ್ತರಣೆ. ಆಸ್ಟ್ರಿಯಾ 1990ರಲ್ಲಿ ಅದನ್ನು ಒಂದು ವರ್ಷದಿಂದ ಎರಡಕ್ಕೆ ಏರಿಸಿತು. ತಾಯಂದಿರು ಅಷ್ಟು ಕಾಲ ಮನೆಯಲ್ಲಿದ್ದರು, ಕೆಲಸಕ್ಕೆ ತಡವಾಗಿ ಮರಳಿದರು. ಆ ದೇಶದ ಹಲವು ದಶಕಗಳ ರಜೆ ಮತ್ತು ಶಿಶುಪಾಲನಾ ನೀತಿಗಳನ್ನು ಒಟ್ಟಿಗೆ ಪರಿಶೀಲಿಸಿದ ಸಂಶೋಧಕರಿಗೆ, ಹೆಂಗಸರ ಗಂಡಸರ ಗಳಿಕೆಯ ಅಂತರದ ಮೇಲೆ ಅವುಗಳ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಎಂದು ಕಂಡಿತು. ಹೆರಿಗೆಯ ನಂತರದ ವಾರಗಳ ರಜೆ ಆರೋಗ್ಯಕ್ಕೆ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ತಾಯಿಗೆ ಮಾತ್ರ ಮೀಸಲಾದ ದೀರ್ಘ ರಜೆ ‘ನೋಡಿಕೊಳ್ಳುವವಳು ನೀನೇ’ ಎಂಬ ನಿರೀಕ್ಷೆಗೆ ಸರ್ಕಾರದ ಮುದ್ರೆ ಒತ್ತಿದಂತೆಯೂ ಆಗುತ್ತದೆ ಎಂಬುದು ತೊಡಕು.

ರಜೆಯ ಖರ್ಚು ಯಾರದು ಎಂಬುದು ಇನ್ನೂ ನೇರವಾದ ಪ್ರಶ್ನೆ. ರಜೆಯ ಸಂಬಳವನ್ನು ಆಯಾ ಕಂಪನಿಯೇ ಕೊಡಬೇಕೆಂದರೆ, ಹತ್ತು ಜನರಿರುವ ಚಿಕ್ಕ ಕಚೇರಿಗೆ ಒಬ್ಬ ಯುವತಿಯನ್ನು ತೆಗೆದುಕೊಳ್ಳುವುದು ಯುವಕನನ್ನು ತೆಗೆದುಕೊಳ್ಳುವುದಕ್ಕಿಂತ ದುಬಾರಿಯಾಗುತ್ತದೆ. ಕಾನೂನು ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ ನೇಮಕಾತಿಯ ಮೇಜಿನಲ್ಲಿ ಅವಳ ವಿರುದ್ಧವೇ ಕೆಲಸ ಮಾಡುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ ಹೆರಿಗೆ ರಕ್ಷಣಾ ಒಡಂಬಡಿಕೆ ಕನಿಷ್ಠ 14 ವಾರಗಳ ರಜೆ ಕೇಳುತ್ತದೆ. ಅದರ ಖರ್ಚು ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಬರಬೇಕು ಎಂದು ಹೇಳುವುದು ಇದೇ ಕಾರಣಕ್ಕೆ.

ಮೂರನೆಯ ದಾರಿ ಅಪ್ಪನಿಗೆಂದೇ ರಜೆಯ ಒಂದು ಪಾಲನ್ನು ಮೀಸಲಿಡುವುದು. ಅವನು ತೆಗೆದುಕೊಳ್ಳದಿದ್ದರೆ ಆ ದಿನಗಳು ಕುಟುಂಬಕ್ಕೇ ಇಲ್ಲ. ನಾರ್ವೆ 1993ರಲ್ಲಿ, ಸ್ವೀಡನ್ 1995ರಲ್ಲಿ ಇದನ್ನು ತಂದವು. ಸ್ವೀಡನ್ನಿನಲ್ಲಿ ಅಪ್ಪಂದಿರು ರಜೆಯನ್ನೇನೋ ತೆಗೆದುಕೊಂಡರು. ಆದರೆ ಮುಂದೆ ಮಗುವಿಗೆ ಕಾಯಿಲೆಯಾದಾಗ ಕೆಲಸ ಬಿಟ್ಟು ಮನೆಯಲ್ಲಿ ಉಳಿದವರು ಯಾರು ಎಂದು ದಾಖಲೆ ತೆಗೆದು ನೋಡಿದರೆ, ಅಪ್ಪನ ಪಾಲು ಮೊದಲಿನಷ್ಟೇ ಇತ್ತು. ಕೆನಡಾದ ಕ್ವಿಬೆಕ್ ಪ್ರಾಂತ 2006ರಲ್ಲಿ ಅಪ್ಪನ ಮೀಸಲು ವಾರಗಳ ಜೊತೆಗೆ ರಜೆಯ ಭತ್ಯೆಯನ್ನೂ ಹೆಚ್ಚಿಸಿತು. ಅಲ್ಲಿ ವರ್ಷಗಳ ನಂತರವೂ ಮನೆಗೆಲಸದ ಹಂಚಿಕೆಯಲ್ಲಿ ಬದಲಾವಣೆ ಕಂಡಿತು, ತಾಯಂದಿರು ಸಂಬಳದ ಕೆಲಸಕ್ಕೆ ಹೆಚ್ಚು ಹೊತ್ತು ಕೊಟ್ಟರು. ಎರಡು ಕಡೆ ಎರಡು ಫಲ. ಅಮ್ಮ ಅಪ್ಪ ಇಬ್ಬರೂ ಒಟ್ಟಿಗೆ ಮನೆಯಲ್ಲಿದ್ದು ಒಂದು ತಿಂಗಳು ಕಳೆದರೆ ಅದು ರಜೆಯಷ್ಟೇ ಆಗಬಹುದು. ಅಮ್ಮ ಕಚೇರಿಗೆ ಹೋಗಿ ಅಪ್ಪನೊಬ್ಬನೇ ಮಗುವನ್ನು ನಿಭಾಯಿಸಿದ ದಿನಗಳಿಗೆ ಬೇರೆ ತೂಕವಿರುತ್ತದೆ ಎಂದು ನನಗನ್ನಿಸುತ್ತದೆ.

ಮುಂದೇನಾಗಬಹುದು

2024ರ ಅಧ್ಯಯನದ ಒಂದು ಅಪಾಯಕಾರಿ ಬಳಕೆಯನ್ನು ಊಹಿಸುವುದು ಕಷ್ಟವಲ್ಲ. ಕೊನೆಗೆ ಅಂತರ ಮುಚ್ಚುವುದಾದರೆ ಶಿಶುಪಾಲನೆಗೆ ಸರ್ಕಾರ ಯಾಕೆ ಖರ್ಚು ಮಾಡಬೇಕು ಎಂಬ ಪ್ರಶ್ನೆ ಬಜೆಟ್ ಸಭೆಗಳಲ್ಲಿ ಬರುತ್ತದೆ. ಆದರೆ ಆ ಅಂತರ ಮುಚ್ಚಿದ್ದು ಅಂಥ ಖರ್ಚನ್ನು ದಶಕಗಳಿಂದ ಮಾಡುತ್ತಿದ್ದ ದೇಶದಲ್ಲಿ. ಖರ್ಚು ನಿಲ್ಲಿಸಿದರೆ ಅದೇ ಫಲ ಬರುತ್ತದೆ ಎನ್ನಲು ಆ ಅಧ್ಯಯನದಲ್ಲಿ ಯಾವ ಆಧಾರವೂ ಇಲ್ಲ.

ಇನ್ನೊಂದು ಪರಿಣಾಮ ಈಗಾಗಲೇ ನಡೆಯುತ್ತಿದೆ. ಮೊದಲು ಕೆಲಸದಲ್ಲಿ ಕಾಲೂರಿ ಆಮೇಲೆ ಮಗು ಎಂಬ ಲೆಕ್ಕದಿಂದ ಮೊದಲ ಹೆರಿಗೆಯ ವಯಸ್ಸು ಹಲವು ದೇಶಗಳಲ್ಲಿ ಮೇಲಕ್ಕೆ ಹೋಗುತ್ತಿದೆ. ಸಂಬಳದ ದೃಷ್ಟಿಯಿಂದ ಆ ಲೆಕ್ಕ ಸರಿ. ಆದರೆ ಮೂವತ್ತೈದರ ನಂತರ ಗರ್ಭ ನಿಲ್ಲುವ ಸಾಧ್ಯತೆ ಇಳಿಯುತ್ತ ಹೋಗುತ್ತದೆ, ಐವಿಎಫ್ ಫಲಿಸುವ ಸಾಧ್ಯತೆಯೂ ಅದರ ಜೊತೆಗೇ ಇಳಿಯುತ್ತದೆ. ಬಡ್ತಿಯ ಏಣಿ ಅತ್ಯಂತ ಕಡಿದಾಗಿರುವುದೂ ಅದೇ ವಯಸ್ಸಿನಲ್ಲಿ. ಇವೆರಡರಲ್ಲಿ ದೇಹದ ಗಡಿಯಾರವನ್ನು ತಿರುಗಿಸಲು ಬರುವುದಿಲ್ಲ. ಬಡ್ತಿಗೆ ವಯಸ್ಸಿನ ಮಿತಿಯಿಟ್ಟಿರುವ, ನಲವತ್ತೆರಡಕ್ಕೆ ಮರಳಿ ಬಂದವಳನ್ನು ‘ಹೊಸಬಳು’ ಎಂದು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸುವ ನಿಯಮಗಳು ಮಾತ್ರ ಕಚೇರಿಯ ಕಡತದಲ್ಲಿರುವವು, ತಿದ್ದಬಹುದಾದವು.